ಒಂದಕ್ಕೆ ಎರಡಾದರೆ ಐದಕ್ಕೆ ಹತ್ತಲ್ಲ

ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು. ಒಲೆಯ ಮೇಲೆ ಪಾತ್ರೆ ಇಟ್ಟು, ತಟ್ಟೆ ಮುಚ್ಚಿ ಬೇಯಿಸಿದರೆ ನಮ್ಮ ಮನೆಯಲ್ಲಿ ಅನ್ನ ಹದವಾಗಿಯೇ ಆಗುತ್ತದೆ. ಹಬ್ಬಕ್ಕೆ ನೆಂಟರು ಬಂದರೆಂದು ಐದು ಲೋಟ ಅಕ್ಕಿಗೆ ಹತ್ತು ಲೋಟ ನೀರು ಹಾಕಿದ ದಿನ ಮಾತ್ರ ಅನ್ನ ಮುದ್ದೆಯಾಯಿತು. ಗುಣಾಕಾರ ಸರಿಯಿತ್ತು, ಅನ್ನ ಸರಿಯಿರಲಿಲ್ಲ.

ಅಕ್ಕಿಕಾಳಿನ ತುಂಬ ಪಿಷ್ಟದ ಸೂಕ್ಷ್ಮ ಕಣಗಳು ಒತ್ತೊತ್ತಾಗಿ ತುಂಬಿರುತ್ತವೆ. ಕಣದೊಳಗಿನ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ತಣ್ಣೀರಿನಲ್ಲಿ ಎಷ್ಟು ಹೊತ್ತು ನೆನೆಸಿದರೂ ಅಕ್ಕಿ ಅನ್ನವಾಗುವುದಿಲ್ಲ. ನೀರು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಹಿಡಿತ ಸಡಿಲುತ್ತದೆ. ಎಳೆಗಳ ನಡುವೆ ನೀರು ನುಗ್ಗಿ ಕಣ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಒಮ್ಮೆ ಹೀಗಾದ ಕಣ ಮತ್ತೆ ಮೊದಲಿನಂತೆ ಆಗುವುದಿಲ್ಲ. ಬೇಯುವುದು ಎಂದರೆ ಇದೇ. ಅಮೈಲೋಸ್ ಎಂಬ ಉದ್ದನೆಯ ಎಳೆಗಳಲ್ಲಿ ಕೆಲವು ಹೊರಗೆ ಸೋರಿ ನೀರನ್ನು ಗಂಜಿಯಾಗಿಸುತ್ತವೆ.

ಬಿಸಿಯೂ ನೀರೂ ಹೊರಗಿನಿಂದ ಒಳಕ್ಕೆ ಹೋಗಬೇಕು. ಅರೆಬೆಂದ ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿ: ಅಂಚು ಪಾರದರ್ಶಕ, ನಡುವೆ ಗಟ್ಟಿಯಾದ ಬಿಳಿ ಚುಕ್ಕೆ. ನೀರು ಇನ್ನೂ ತಲುಪದ ಪಿಷ್ಟ ಅದು. ನೀರು ಕಡಿಮೆಯಾದರೆ ಈ ಚುಕ್ಕೆ ಉಳಿದಿರುವಾಗಲೇ ಪಾತ್ರೆ ಆರಿ ತಳ ಹಿಡಿಯುತ್ತದೆ. ಹೆಚ್ಚಾದರೆ ಕಣಗಳು ಊದಿ ಊದಿ ಒಡೆಯುತ್ತವೆ, ಅಗುಳು ಬಿರಿದು ಒಂದಕ್ಕೊಂದು ಅಂಟುತ್ತದೆ.

ಹಾಗಾದರೆ ಐದಕ್ಕೆ ಹತ್ತು ಏಕೆ ಹೆಚ್ಚಾಯಿತು? ನಾವು ಹಾಕುವ ನೀರಿಗೆ ಇಬ್ಬರು ಪಾಲುದಾರರಿದ್ದಾರೆ: ಅಕ್ಕಿ ಮತ್ತು ಆವಿ. ಮೆತ್ತಗಿನ ಅನ್ನಕ್ಕೆ ಲೋಟ ಅಕ್ಕಿ ಹೆಚ್ಚುಕಡಿಮೆ ಒಂದೂವರೆ ಲೋಟ ನೀರು ಕುಡಿಯುತ್ತದೆ. ಉಳಿದ ಅರ್ಧ ಲೋಟ ಆವಿಯಾಗಿ ಹೋಗುತ್ತದೆ. ಅಕ್ಕಿಯ ಪಾಲು ಅಕ್ಕಿಯ ಜೊತೆಗೇ ಹೆಚ್ಚುತ್ತದೆ, ಐದು ಲೋಟಕ್ಕೆ ಏಳೂವರೆ. ಆವಿಯ ಪಾಲನ್ನು ತೀರ್ಮಾನಿಸುವುದು ಪಾತ್ರೆಯ ಬಾಯಿ, ಮುಚ್ಚಳದ ಸಂದು, ಉರಿ ಮತ್ತು ಬೇಯುವ ಹೊತ್ತು. ದೊಡ್ಡ ಪಾತ್ರೆಯಲ್ಲೂ ಅದು ಮುಕ್ಕಾಲು, ಹೆಚ್ಚೆಂದರೆ ಒಂದು ಲೋಟ. ಎಂಟೂವರೆ ಲೋಟ ಸಾಕಿತ್ತು. ಉಳಿದ ಒಂದೂವರೆ ಲೋಟವೇ ಅನ್ನವನ್ನು ಮುದ್ದೆ ಮಾಡಿತು. ಕುಕ್ಕರಿನಲ್ಲಿ ಆವಿ ಹೊರಹೋಗುವುದು ಕಡಿಮೆ, ಆದ್ದರಿಂದ ಇಷ್ಟೇ ಮೆತ್ತಗಿನ ಅನ್ನಕ್ಕೆ ಅಲ್ಲಿ ನೀರೂ ಕಡಿಮೆ ಸಾಕು.

ಅಕ್ಕಿಯ ಪಾಲೂ ಸದಾ ಒಂದೇ ಅಲ್ಲ. ಹಳೆ ಅಕ್ಕಿ ಹೆಚ್ಚು ನೀರು ಕುಡಿದರೂ ಪಿಷ್ಟವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಉದುರುದುರಾಗಿರುತ್ತದೆ. ಹೊಸ ಅಕ್ಕಿ ಬೇಗ ಅಂಟುತ್ತದೆ, ಅದಕ್ಕೆ ನೀರು ಇಳಿಸಬೇಕು. ಚೀಲ ಬದಲಾದಾಗ ಒಂದು ಲೋಟ ಬೇಯಿಸಿ ನೋಡಿಕೊಳ್ಳುವುದು ಅದಕ್ಕೇ.

ಗಂಜಿ ಬಸಿದು ಅನ್ನ ಮಾಡುವವರಿಗೆ ಈ ಲೆಕ್ಕವೇ ಬೇಡ. ನೀರು ಧಾರಾಳವಾಗಿದ್ದರೆ ಸಾಕು, ಬಿಳಿ ಚುಕ್ಕೆ ಮಾಯವಾದ ಕೂಡಲೇ ಬಸಿಯಬೇಕು. ಅದಕ್ಕೆಂದೇ ಅವರು ಸೌಟಿನ ತುದಿಯಲ್ಲಿ ಒಂದು ಅಗುಳು ತೆಗೆದು ಹಿಚುಕಿ ನೋಡುವುದು.