ಗಾಲ್ಫ್ ಬ್ಯಾಗಿನಲ್ಲಿ ಅಷ್ಟೊಂದು ಕೋಲು ಯಾಕೆ? ಇಲ್ಲಿದೆ ‘ಲಾಫ್ಟ್’ ಲೆಕ್ಕ

ಗಾಲ್ಫ್ ಆಡೋರು ಒಂದೇ ಚೆಂಡು ಹೊಡೆಯೋಕೆ ಬ್ಯಾಗ್ ತುಂಬ ಕೋಲು ಹೊತ್ತುಕೊಂಡು ಹೋಗ್ತಾರೆ. ನಿಯಮದ ಪ್ರಕಾರ 14 ಕ್ಲಬ್‌ವರೆಗೆ ಇಟ್ಟುಕೊಳ್ಳಬಹುದು. ಇವುಗಳ ಮುಖ್ಯ ವ್ಯತ್ಯಾಸವೇ ಲಾಫ್ಟ್. ಅಂದರೆ ಕ್ಲಬ್‌ನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬ ಕೋನ.

ಡ್ರೈವರ್‌ನ ಲಾಫ್ಟ್ ಸುಮಾರು 10 ಡಿಗ್ರಿ. ಮುಖ ಹೆಚ್ಚುಕಡಿಮೆ ನೆಟ್ಟಗಿರುವುದರಿಂದ ಹೊಡೆತದ ಬಲ ಬಹುತೇಕ ಮುಂದಕ್ಕೇ ಹೋಗುತ್ತೆ, ಚೆಂಡು ದೂರ ಸಾಗುತ್ತೆ. 7 ನಂಬರ್ ಐರನ್‌ಗೆ 30ರಿಂದ 34 ಡಿಗ್ರಿ. ಸ್ಯಾಂಡ್ ವೆಡ್ಜ್‌ಗೆ 56 ಡಿಗ್ರಿ. ಇದರಲ್ಲಿ ಹೊಡೆದ ಚೆಂಡು ಎತ್ತರಕ್ಕೆ ಏರಿ, ಗಾಳಿಯಲ್ಲಿ ಹಿಮ್ಮುಖವಾಗಿ ತಿರುಗುತ್ತಾ ಬಂದು, ಬಿದ್ದ ಜಾಗದ ಹತ್ತಿರವೇ ನಿಲ್ಲುತ್ತೆ.

ತೊಂದರೆ ಬರೋದು ಹೊಸ ಐರನ್ ಸೆಟ್ ಕೊಂಡಾಗ. ಚೆಂಡು ದೂರ ಹೋಗಲಿ ಅಂತ ಕಂಪನಿಗಳು ಲಾಫ್ಟ್ ಕಡಿಮೆ ಮಾಡಿವೆ. ಹಿಂದೆ 48 ಡಿಗ್ರಿ ಆಸುಪಾಸಿನಲ್ಲಿದ್ದ ಪಿಚಿಂಗ್ ವೆಡ್ಜ್ ಈಗ ಹಲವು ಸೆಟ್‌ಗಳಲ್ಲಿ 44 ಡಿಗ್ರಿ. ಒಬ್ಬರು ಅದರಲ್ಲಿ 115 ಗಜ, ಸ್ಯಾಂಡ್ ವೆಡ್ಜ್‌ನಲ್ಲಿ 80 ಗಜ ಹೊಡೀತಾರೆ ಅಂದುಕೊಳ್ಳಿ. ಗುರಿ 98 ಗಜದಲ್ಲಿದ್ದರೆ? ಒಂದನ್ನು ಮೆತ್ತಗೆ ಬೀಸಬೇಕು, ಇಲ್ಲಾ ಇನ್ನೊಂದನ್ನು ಮೈಮೇಲೆ ಬಿದ್ದು ಬೀಸಬೇಕು. ಎರಡರಲ್ಲೂ ಅಂದಾಜು ತಪ್ಪುತ್ತೆ. ನಡುವೆ 50 ಡಿಗ್ರಿಯ ಗ್ಯಾಪ್ ವೆಡ್ಜ್ ಇದ್ದರೆ ಮಾಮೂಲಿ ಹೊಡೆತವೇ ಸಾಕು.

ಹಾಗಾಗಿ ವೆಡ್ಜ್ ಕೊಳ್ಳುವ ಮೊದಲು ನಿಮ್ಮ ಪಿಚಿಂಗ್ ವೆಡ್ಜ್ ಎಷ್ಟು ಡಿಗ್ರಿ ಅಂತ ನೋಡಿಕೊಳ್ಳಿ. ಅಲ್ಲಿಂದ ಮುಂದಿನ ಒಂದೊಂದು ವೆಡ್ಜ್‌ಗೂ 4ರಿಂದ 6 ಡಿಗ್ರಿ ಅಂತರ ಇರಲಿ.