ಶಾಲೆಯ ಕ್ಯಾಂಟೀನಿಗಾಗಿ ಒಂದು ಪತ್ರ

‘ಜಂಕ್ ಫುಡ್ ನಿಲ್ಲಿಸಿ’ ಎಂದಷ್ಟೇ ಬರೆದರೆ ಪ್ರಾಂಶುಪಾಲರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಪತ್ರದಲ್ಲಿ ಮೊದಲು ಕಾನೂನನ್ನು ನೆನಪಿಸಿ: ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ಪ್ರಕಾರ, ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮಾರುವಂತಿಲ್ಲ, ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ಆಮೇಲೆ ಕಣ್ಣಾರೆ ಕಂಡದ್ದನ್ನು ಬರೆಯಿರಿ. ಬೋಂಡಾ ಕರಿಯುವ ಎಣ್ಣೆ ಕಪ್ಪಾಗಿ ನೊರೆಗಟ್ಟುತ್ತಿದ್ದರೆ, ಅದನ್ನು ಮತ್ತೆ ಮತ್ತೆ ಕಾಯಿಸಿರುವ ಸಾಧ್ಯತೆಯೇ ಹೆಚ್ಚು.

ಕ್ಯಾಂಟೀನಿನವರ ಕಷ್ಟವೂ ಸುಳ್ಳಲ್ಲ. ಚಿಪ್ಸ್ ಪ್ಯಾಕೆಟ್ ತಿಂಗಳುಗಟ್ಟಲೆ ಇರುತ್ತದೆ, ಹೆಚ್ಚಿಟ್ಟ ಹಣ್ಣು ಮಧ್ಯಾಹ್ನಕ್ಕೇ ಕೆಡುತ್ತದೆ. ಆದ್ದರಿಂದ ಬಾಳೆಹಣ್ಣು, ಮಜ್ಜಿಗೆ, ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿ ಒಗ್ಗರಣೆ ಹಾಕಿದ ಕಡಲೆಕಾಳಿನ ಉಸಲಿ ಕೇಳಿ. ಮೊದಲಿಗೆ ವಾರಕ್ಕೆರಡು ದಿನ ಸಾಕು. ಎಷ್ಟು ಖರ್ಚಾಯಿತೆಂದು ನೋಡಿಕೊಂಡು ಹೆಚ್ಚಿಸಲಿ.