ಮ್ಯಾಂಕ್ಸ್ ಭಾಷೆಯ ಅಳಿವು, ಉಳಿವು

ಅಪ್ಪ ಅಮ್ಮ ಮಕ್ಕಳೊಡನೆ ಬೇರೆ ಭಾಷೆಯಲ್ಲಿ ಮಾತಾಡತೊಡಗಿದ ದಿನವೇ ಒಂದು ಭಾಷೆಯ ಅಪಾಯ ಶುರುವಾಗುತ್ತದೆ. ಆಗಿನ್ನೂ ಅದನ್ನು ಆಡುವವರು ಸಾವಿರಾರು ಮಂದಿ ಇರುತ್ತಾರೆ. ಹಾಗಾಗಿ ಯಾರಿಗೂ ಗಾಬರಿಯಾಗುವುದಿಲ್ಲ. ಜನಗಣತಿಯಲ್ಲಿ ಕುಸಿತ ಕಾಣುವ ಹೊತ್ತಿಗೆ ಒಂದೆರಡು ತಲೆಮಾರು ಕಳೆದುಹೋಗಿರುತ್ತದೆ. ಐರ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ಮ್ಯಾಂಕ್ಸ್ ಭಾಷೆಯಲ್ಲಿ ಇದನ್ನು ಹಂತ ಹಂತವಾಗಿ ಗುರುತಿಸಬಹುದು.

ಮ್ಯಾಂಕ್ಸ್, ಐರಿಶ್ ಮತ್ತು ಸ್ಕಾಟಿಷ್ ಗೇಲಿಕ್ ಭಾಷೆಗಳ ಒಡಹುಟ್ಟು. ಅದನ್ನು ಯಾರೂ ಬಲವಂತವಾಗಿ ಕೊಂದರೆನ್ನುವಂತಿಲ್ಲ. ಸ್ಥಳೀಯರು ಕೆಲಸ ಹುಡುಕಿ ಹೊರಗೆ ಹೋದರು. 19ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಪ್ರವಾಸಿಗರು ಹಿಂಡುಹಿಂಡಾಗಿ ಬಂದರು. ಶಾಲೆ, ನೌಕರಿ, ವ್ಯಾಪಾರ ಎಲ್ಲವೂ ಇಂಗ್ಲಿಷಿನಲ್ಲೇ ನಡೆದವು. ಮ್ಯಾಂಕ್ಸಿನಿಂದ ಕಾಸು ಹುಟ್ಟದು ಎಂಬ ಮಾತು ದ್ವೀಪದವರ ಬಾಯಲ್ಲೇ ಇತ್ತು. ಮಕ್ಕಳು ಚೆನ್ನಾಗಿ ಬಾಳಲಿ ಎಂಬ ಆಸೆಯಿಂದಲೇ ಹಿರಿಯರು ಅವರೆದುರು ಆ ಭಾಷೆಯನ್ನು ಅದುಮಿಟ್ಟರು. 1901ರ ಜನಗಣತಿಯಲ್ಲಿ ಮ್ಯಾಂಕ್ಸ್ ಬಲ್ಲವರು 4,419 ಮಂದಿ. ಇಪ್ಪತ್ತು ವರ್ಷಗಳ ಬಳಿಕ 896. ಉಳಿದವರಲ್ಲಿ ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರರೂ ಒಬ್ಬರು. ಇಂಗ್ಲಿಷ್ ಬಾರದ ಹಿರಿಯ ಬಂಧುವೊಬ್ಬರ ಮನೆಯಲ್ಲಿ ಬೆಳೆದದ್ದರಿಂದ ಅವರಿಗೆ ಈ ಭಾಷೆ ದಕ್ಕಿತ್ತು. 1974ರಲ್ಲಿ ಅವರು ತೀರಿಕೊಂಡಾಗ ಮ್ಯಾಂಕ್ಸನ್ನು ಮನೆಮಾತಾಗಿ ಕಲಿತ ಕೊನೆಯ ವ್ಯಕ್ತಿ ಹೋದಂತಾಯಿತು.

ಅಷ್ಟರಲ್ಲಿ ದಾಖಲೆಯ ಕೆಲಸ ಸಾಕಷ್ಟು ನಡೆದಿತ್ತು. ನಾರ್ವೆಯ ವಿದ್ವಾಂಸ ಕಾರ್ಲ್ ಮಾರ್ಸ್ಟ್ರಾಂಡರ್ 1930ರ ಆಸುಪಾಸಿನಲ್ಲೇ ಬಂದು ಹಿರಿಯರ ಮಾತನ್ನು ಮೇಣದ ಸಿಲಿಂಡರುಗಳ ಮೇಲೆ ಹಿಡಿದಿದ್ದರು. 1948ರಲ್ಲಿ ಐರಿಶ್ ಜಾನಪದ ಆಯೋಗದ ಕೆವಿನ್ ಡ್ಯಾನಹರ್ ಧ್ವನಿಮುದ್ರಣ ಯಂತ್ರವಿದ್ದ ವ್ಯಾನಿನೊಂದಿಗೆ ದ್ವೀಪಕ್ಕೆ ಬಂದು, ಮುದುಕರ ಮನೆಗಳಿಗೇ ಹೋಗಿ ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಮುದ್ರಿಸುವುದು ಈ ಕೆಲಸದ ಹಗುರ ಭಾಗ. ಪ್ರತಿ ಮಾತನ್ನೂ ಕೇಳಿದಂತೆ ಬರೆಯಬೇಕು, ಪದ ಬಿಡಿಸಬೇಕು, ಅರ್ಥ ಕೊಡಬೇಕು, ಸಂದೇಹ ಬಂದಲ್ಲಿ ಹೇಳಿದವರನ್ನೇ ಮತ್ತೆ ಕೇಳಬೇಕು. ಒಂದು ಗಂಟೆಯ ಮುದ್ರಣಕ್ಕೆ ಹಲವು ಹತ್ತು ಗಂಟೆಗಳ ದುಡಿಮೆ ಹಿಡಿಯುತ್ತದೆ. ಹೇಳಿದವರು ಇಲ್ಲವಾದ ಮೇಲೆ ಕೆಲವು ಸಂದೇಹಗಳು ಸಂದೇಹಗಳಾಗಿಯೇ ಉಳಿಯುತ್ತವೆ.

ಮ್ಯಾಂಕ್ಸಿಗೆ 18ನೇ ಶತಮಾನದಲ್ಲೇ ಅಚ್ಚಾದ ಬೈಬಲ್ ಇತ್ತು. ಹಾಗಿದ್ದ ಮೇಲೆ ಧ್ವನಿ ಏಕೆ ಬೇಕು? ಪಾದ್ರಿಗಳು ರೂಪಿಸಿದ ಅದರ ಬರಹ ಇಂಗ್ಲಿಷ್ ಕಾಗುಣಿತದ ಜಾಡಿನದು. ಅದು ಉಚ್ಚಾರವನ್ನು ಪೂರ್ತಿ ತೋರಿಸುವುದಿಲ್ಲ. ‘ಭಾರ’ ಎಂಬರ್ಥದ ಪದವನ್ನು ಪುಸ್ತಕ ನೋಡಿ ಓದಿದವರು ‘ಟ್ರೋಮ್’ ಎನ್ನುತ್ತಾರೆ. ಹಿರಿಯರ ಬಾಯಲ್ಲಿ ಕೊನೆಯ ‘ಮ್’ಗೆ ಮುಂಚೆ ಸಣ್ಣದೊಂದು ‘ಬ್’ ಇಣುಕಿ ಅದು ‘ಟ್ರೋಬ್ಮ್’ನಂತೆ ಕೇಳುತ್ತಿತ್ತು. ಇದು ಮ್ಯಾಂಕ್ಸಿನ ಚಹರೆಗಳಲ್ಲೊಂದು; ಪುಟ ತಿರುವಿ ಹಾಕಿದರೆ ಸಿಗುವುದಲ್ಲ.

ಆದರೆ ಮುದ್ರಣಕ್ಕೂ ಮಿತಿಯಿದೆ. ಯಂತ್ರದ ಮುಂದೆ ಕೂತ ಮುದುಕರು ವರ್ಷಗಳಿಂದ ಮ್ಯಾಂಕ್ಸಿನಲ್ಲಿ ಮಾತಾಡಲು ಜೊತೆಯಿಲ್ಲದೆ ಇದ್ದವರು. ಅವರಿಂದ ಬಂದದ್ದು ಹೆಚ್ಚಾಗಿ ನೆನಪು, ಕಥೆ, ಪ್ರಾರ್ಥನೆ, ಹಾಡು. ಮಗುವನ್ನು ರಮಿಸುವ ಪರಿ, ಗಂಡ ಹೆಂಡಿರ ಜಗಳದ ವರಸೆ ಇವೆಲ್ಲ ಸಹಜವಾಗಿ ಹುಟ್ಟುವ ಸಂದರ್ಭವೇ ಅಲ್ಲಿರಲಿಲ್ಲ. ಮನೆಯಲ್ಲಿ ಬಳಸಲು ಭಾಷೆ ಕಲಿಯುವವರಿಗೆ ಬೇಕಾದದ್ದು ಮೊದಲಿಗೆ ಇವೇ.

ಮ್ಯಾಂಕ್ಸ್ ಉಳಿದದ್ದು ಇನ್ನೊಂದು ದಾರಿಯಿಂದ. 1940ರ ದಶಕದಲ್ಲಿ ದ್ವೀಪದ ಕೆಲವು ಯುವಕರು ಬಿಡುವಿನ ವೇಳೆಯಲ್ಲಿ ಹಿರಿಯರ ಮನೆಗಳಿಗೆ ಹೋಗಿ, ಅವರೊಡನೆ ಹರಟುತ್ತಲೇ ಕಲಿತರು, ತಾವೂ ಧ್ವನಿಮುದ್ರಿಸಿದರು. ವಿದ್ವಾಂಸರು ಪಾಠ ಒಯ್ದರೆ, ಇವರು ಆಡುವ ರೂಢಿಯನ್ನೇ ಪಡೆದರು. ಹಾಗಾಗಿ ಮ್ಯಾಡ್ರೆಲ್ ಹೋದಾಗಲೂ ಅವರಿಂದ ಕಲಿತು ಮಾತಾಡಬಲ್ಲವರು ಉಳಿದಿದ್ದರು. 1992ರ ಸುಮಾರಿಗೆ ಶಾಲೆಗಳಲ್ಲಿ ಐಚ್ಛಿಕ ವಿಷಯವಾಗಿ ಮ್ಯಾಂಕ್ಸ್ ಬಂತು. ವಾರಕ್ಕೊಂದು ತರಗತಿಯಿಂದ ಮಾತು ನಾಲಿಗೆಗೆ ಹತ್ತುವುದಿಲ್ಲವೆಂದು ಪೋಷಕರು ಮ್ಯಾಂಕ್ಸ್ ಶಿಶುವಿಹಾರಗಳನ್ನು ಕಟ್ಟಿದರು. 2001ರಲ್ಲಿ ಎಲ್ಲ ಪಾಠವೂ ಮ್ಯಾಂಕ್ಸಿನಲ್ಲೇ ನಡೆಯುವ ಪ್ರಾಥಮಿಕ ಶಾಲೆ ‘ಬುನ್ಸ್ಕಾಲ್ ಗೇಲ್ಗಾ’ ತೆರೆಯಿತು. ಗಣಿತಕ್ಕೆ, ವಿಜ್ಞಾನಕ್ಕೆ ಹೊಸ ಪದ ಬೇಕಾದಾಗ ಐರಿಶ್ ಮತ್ತು ಸ್ಕಾಟಿಷ್ ಗೇಲಿಕ್‌ನತ್ತ ನೋಡಿ ಪದ ಕಟ್ಟಿಕೊಂಡರು.

2009ರಲ್ಲಿ ಯುನೆಸ್ಕೊ ತನ್ನ ಭಾಷಾ ಭೂಪಟದಲ್ಲಿ ಮ್ಯಾಂಕ್ಸನ್ನು ‘ಅಳಿದ ಭಾಷೆ’ ಎಂದು ತೋರಿಸಿತು. ಆ ಶಾಲೆಯ ಮಕ್ಕಳು ಮ್ಯಾಂಕ್ಸಿನಲ್ಲೇ ಪತ್ರ ಬರೆದು, ನಮ್ಮ ಭಾಷೆ ಅಳಿದಿದ್ದರೆ ನಾವು ಬರೆಯುತ್ತಿರುವುದು ಯಾವ ಭಾಷೆಯಲ್ಲಿ ಎಂದು ಕೇಳಿದರು. ಯುನೆಸ್ಕೊ ಅದನ್ನು ‘ತೀವ್ರ ಅಪಾಯದಲ್ಲಿರುವ’ ಭಾಷೆಗಳ ಸಾಲಿಗೆ ತಂದಿತು.

2011ರ ಜನಗಣತಿಯಲ್ಲಿ ಮ್ಯಾಂಕ್ಸ್ ಬಲ್ಲೆವೆಂದು ಹೇಳಿಕೊಂಡವರು 1,823 ಮಂದಿ. ಅವರಲ್ಲಿ ಒಂದೆರಡು ವಾಕ್ಯ ಬಲ್ಲವರೂ ಸೇರಿದ್ದಾರೆ. ಅದನ್ನು ಮನೆಮಾತಾಗಿ ಬೆಳೆದವರು ಬಹಳ ಕಡಿಮೆ. ಇವರ ಮ್ಯಾಂಕ್ಸಿನಲ್ಲಿ ಇಂಗ್ಲಿಷಿನ ವಾಕ್ಯರಚನೆ ಇಣುಕುತ್ತದೆ, ಮೀನುಗಾರರ ಕೆಲವು ಪದಗಳು ಇಲ್ಲ. ಶಾಲೆ ಬಿಟ್ಟು ಮನೆಗೆ ಬಂದ ಮಗು ಯಾವ ಭಾಷೆಯಲ್ಲಿ ಊಟ ಕೇಳುತ್ತದೆ ಎಂಬುದನ್ನು ಶಾಲೆ ತೀರ್ಮಾನಿಸಲಾರದು.